ಕ್ರೆಡಿಟ್ ಕಾರ್ಡ್ ಮಿತಿ ಹೆಚ್ಚಿಸುವ ಪತ್ರ ಬಂದಿದೆಯಾ? ಒಪ್ಪಿಗೆ ಒತ್ತುವ ಮೊದಲು ಹೀಗೆ ಓದಿ

ಹೋದ ವರ್ಷ ಮೇ ತಿಂಗಳಲ್ಲಿ ನಮ್ಮ ಭಾವ ಒಂದು ಪತ್ರ ಹಿಡಿದುಕೊಂಡು ಬಂದರು. ಅವರ ಕ್ರೆಡಿಟ್ ಕಾರ್ಡ್ ಕೊಟ್ಟ ಬ್ಯಾಂಕು ಕಳಿಸಿದ್ದು. "ನೋಡಪ್ಪ, ಮಿತಿ ಎರಡು ಲಕ್ಷದ ನಲವತ್ತು ಸಾವಿರ ಮಾಡ್ತಾರಂತೆ. ಫ್ರೀ ಅಂತೆ. ಒತ್ತಿಬಿಡ್ಲಾ?" ಎಂದು ಫೋನ್ ತೋರಿಸಿದರು. ಬೆರಳು ಆಗಲೇ ಬಟನ್ ಮೇಲಿತ್ತು.

"ಭಾವ, ಎರಡನೇ ಪುಟ ಓದಿದ್ರಾ?" ಎಂದೆ. ಎರಡನೇ ಪುಟ ಇದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹೊಸ ಮಿತಿ, ಅಭಿನಂದನೆ, ಒಂದು ಬಟನ್. ಎರಡನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಹೊಸ ಬಡ್ಡಿದರ, ಹೊಸ ತಡಪಾವತಿ ಶುಲ್ಕ, ಮೂರು ನಾಲ್ಕು ಒಪ್ಪಿಗೆಯ ಸಾಲು, ಕೊನೆಗೆ ಒಂದು ದಿನಾಂಕ.

ಪತ್ರದ ತಲೆಬರಹದಲ್ಲಿ ಮಿತಿ ಹೆಚ್ಚಳ ಎಂದಷ್ಟೇ ಇದ್ದರೂ ಒಳಗೆ ಇದ್ದದ್ದು ಎರಡು ವಿಷಯ. ಒಂದು ಮಿತಿ, ಇನ್ನೊಂದು ಶುಲ್ಕ. ಈ ಎರಡಕ್ಕೂ ನಿಯಮ ಬೇರೆ ಬೇರೆ. ಮಿತಿ ಏರಿಸಲು ನೀವು 'ಹೂಂ' ಅನ್ನಲೇಬೇಕು. ಶುಲ್ಕ ಏರಿಸಲು ಬ್ಯಾಂಕು ಮುಂಚಿತವಾಗಿ ತಿಳಿಸಬೇಕು, ನಿಮಗೆ ಬೇಡವಾದರೆ ಕಾರ್ಡ್ ಬಿಟ್ಟು ಹೋಗುವ ದಾರಿ ಕೊಡಬೇಕು. ಇವೆರಡನ್ನೂ ಒಂದೇ ಬಟನ್ನಿಗೆ ಕಟ್ಟಿಬಿಟ್ಟರೆ ಓದುವವರಿಗೆ ಗೊಂದಲ. ಭಾವನ ಪತ್ರವನ್ನೇ ಮುಂದಿಟ್ಟುಕೊಂಡು ಒಂದೊಂದಾಗಿ ಬಿಡಿಸೋಣ.

ಮೊದಲು: ಪತ್ರ ಅಸಲಿಯಾ?

ಇದನ್ನು ಬೇಗ ಮುಗಿಸೋಣ. 'ಮಿತಿ ಹೆಚ್ಚಿಸುತ್ತೇವೆ' ಎಂಬುದು ವಂಚಕರ ಹಳೆಯ ಗಾಳ. ಹಾಗಾಗಿ ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಬೇಡಿ. ಬ್ಯಾಂಕಿನ ಆ್ಯಪ್ ಅನ್ನು ನೀವೇ ತೆರೆಯಿರಿ, ಅಥವಾ ಕಾರ್ಡಿನ ಹಿಂಬದಿಯಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ. ಅಲ್ಲೂ ಅದೇ ಆಫರ್ ಕಂಡರೆ ಪತ್ರ ನಿಜ. ನಮ್ಮ ಬ್ಯಾಂಕುಗಳ ವೆಬ್‌ಸೈಟುಗಳು ಈಗ `.bank.in` ಎಂಬ ವಿಳಾಸಕ್ಕೆ ಬದಲಾಗಿವೆ, ಅದನ್ನೂ ಗಮನಿಸಿ.

ಆ್ಯಪ್ ಒಳಗೆ ನೀವೇ ಒಪ್ಪಿಗೆ ಕೊಡುವಾಗ ಓಟಿಪಿ ಟೈಪ್ ಮಾಡಬೇಕಾಗಬಹುದು, ಅದು ಸರಿ. ಆದರೆ ಫೋನಿನಲ್ಲಿ ಯಾರೋ ಕೇಳಿದರು ಎಂದು ಓಟಿಪಿ, ಸಿವಿವಿ ಹೇಳಿದರೆ ಕಥೆ ಮುಗಿಯಿತು. ಹಾಗೇನಾದರೂ ಆಗಿಬಿಟ್ಟಿದ್ದರೆ ಮೊದಲು ಕಾರ್ಡ್ ಬ್ಲಾಕ್ ಮಾಡಿಸಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹೊಸ ಮಿತಿ: 'ವರೆಗೆ' ಎಂಬ ಪದ ಹುಡುಕಿ

ಭಾವನ ಹಳೆಯ ಮಿತಿ 1,00,000 ರೂಪಾಯಿ. ಪತ್ರದಲ್ಲಿ ಇದ್ದದ್ದು "ನೀವು 2,40,000 ರೂಪಾಯಿವರೆಗಿನ ಮಿತಿಗೆ ಅರ್ಹರು" ಎಂದು. ಈ 'ವರೆಗಿನ', 'ಅರ್ಹರು' ಎರಡೂ ಜಾಣ ಪದಗಳು. ಅರ್ಹತೆ ಎಂದರೆ ಮಂಜೂರಾತಿ ಅಲ್ಲ. ಒಪ್ಪಿಗೆ ಕೊಟ್ಟ ಮೇಲೆ ಬ್ಯಾಂಕು ಇನ್ನೊಮ್ಮೆ ಪರಿಶೀಲಿಸಿ 1,60,000ಕ್ಕೆ ನಿಲ್ಲಿಸಬಹುದು. ನಿಜವಾದ ಮಿತಿ ಯಾವುದು ಎಂದು ಗೊತ್ತಾಗುವುದು 'ನಿಮ್ಮ ಮಿತಿಯನ್ನು ಇಷ್ಟಕ್ಕೆ ಹೆಚ್ಚಿಸಲಾಗಿದೆ' ಎಂದು ಬರುವ ದೃಢೀಕರಣದಲ್ಲಿ, ಆಮೇಲಿನ ಬಿಲ್ಲಿನಲ್ಲಿ. ಅದು ಬರುವ ತನಕ ಹೊಸ ಮಿತಿ ನಂಬಿ ದೊಡ್ಡ ಖರೀದಿಗೆ ಕೈ ಹಾಕಬೇಡಿ.

ಇದೇ ಸಾಲಿನಲ್ಲಿ 'ತಾತ್ಕಾಲಿಕ' ಎಂಬ ಪದ ಇದೆಯಾ ನೋಡಿ. ಕೆಲವು ಹೆಚ್ಚಳ ಎರಡು ಮೂರು ತಿಂಗಳಿಗೆ ಮಾತ್ರ. ಅವಧಿ ಮುಗಿದ ದಿನ ಮಿತಿ ಹಳೆಯ ಜಾಗಕ್ಕೆ ಇಳಿಯುತ್ತದೆ, ಆದರೆ ನೀವು ಮಾಡಿದ ಖರ್ಚು ಇಳಿಯುವುದಿಲ್ಲ ಅಲ್ವಾ? ಆಗ ಬಾಕಿ ಮಿತಿಗಿಂತ ಜಾಸ್ತಿಯಾಗಿ ನಿಲ್ಲುತ್ತದೆ. ಮಿತಿ ಮೀರಿದ ಅಷ್ಟೂ ಹಣವನ್ನು ಆ ತಿಂಗಳ ಕನಿಷ್ಠ ಪಾವತಿಗೆ ಸೇರಿಸುವುದು ಸಾಮಾನ್ಯ ಪದ್ಧತಿ. ಕನಿಷ್ಠ ಪಾವತಿ ಎರಡು ಸಾವಿರ ಇರಬಹುದು ಎಂದುಕೊಂಡವರಿಗೆ ನಲವತ್ತು ಸಾವಿರ ಎಂದು ಬಿಲ್ ಬಂದರೆ ಹೇಗಿರುತ್ತದೆ, ಯೋಚಿಸಿ.

ಇನ್ನು, ಒಂದೇ ಬ್ಯಾಂಕಿನ ಎರಡು ಕಾರ್ಡ್ ನಿಮ್ಮಲ್ಲಿದ್ದರೆ ಎರಡಕ್ಕೂ ಸೇರಿ ಒಂದೇ ಮಿತಿ ಇರಬಹುದು. ಹೆಂಡತಿಗೋ ಮಗನಿಗೋ ಕೊಡಿಸಿದ ಆ್ಯಡ್-ಆನ್ ಕಾರ್ಡ್ ಇದ್ದರೆ ಅದರ ಖರ್ಚೂ ಇದೇ ಮಿತಿಯಿಂದಲೇ ಹೋಗುತ್ತದೆ. ಮುಖ್ಯ ಕಾರ್ಡಿನ ಮಿತಿ ಏರಿದರೆ ಆ ಕಾರ್ಡಿನ ಕೈಗೆ ಸಿಗುವ ಹಣವೂ ಏರಬಹುದು.

ಇವೆಲ್ಲಕ್ಕಿಂತ ಹೆಚ್ಚಾಗಿ ಜನ ನೋಡದೆ ಬಿಡುವ ಅಂಕಿ ಇನ್ನೊಂದಿದೆ. ಅದು ನಗದು ಮಿತಿ. ಒಟ್ಟು ಮಿತಿಯ ಒಳಗೇ, ಎಟಿಎಂನಲ್ಲಿ ನಗದು ತೆಗೆಯಲು ಎಷ್ಟು ಎಂಬ ಚಿಕ್ಕ ಮಿತಿ. ಭಾವನಿಗೆ ಮೊದಲು ಒಟ್ಟು ಮಿತಿಯ 20 ಶೇಕಡಾ ಇತ್ತು, ಅಂದರೆ 20,000 ರೂಪಾಯಿ. ಹೊಸ ಪತ್ರದಲ್ಲಿ "ನಗದು ಮಿತಿ: 40%" ಎಂದಿತ್ತು. ಬರೀ ಶೇಕಡಾ ಬರೆದು ರೂಪಾಯಿ ಬರೆದಿರಲಿಲ್ಲ. ಲೆಕ್ಕ ಹಾಕಿದರೆ 96,000. ಒಟ್ಟು ಮಿತಿ ಎರಡೂವರೆ ಪಟ್ಟಿನ ಹತ್ತಿರ ಏರಿದರೆ, ನಗದು ಮಿತಿ ಹೆಚ್ಚುಕಡಿಮೆ ಐದು ಪಟ್ಟು ಏರಿತ್ತು.

ಇದರಿಂದ ಏನು ತೊಂದರೆ? ಕಾರ್ಡಿನಿಂದ ನಗದು ತೆಗೆದರೆ ಖರೀದಿಗೆ ಸಿಗುವ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ತೆಗೆದ ದಿನದಿಂದಲೇ ಬಡ್ಡಿ ಶುರು, ಜೊತೆಗೆ ನಗದು ತೆಗೆದ ಶುಲ್ಕ ಬೇರೆ. ಪಿನ್ ಸಮೇತ ಕಾರ್ಡ್ ಬೇರೆಯವರ ಕೈಗೆ ಸಿಕ್ಕರೆ ಹೋಗುವ ಹಣವೂ ಜಾಸ್ತಿ. ನಗದು ತೆಗೆಯುವ ಅಭ್ಯಾಸ ಇಲ್ಲದವರಿಗೆ ಈ ಏರಿಕೆಯಿಂದ ಒಂದು ಪೈಸೆಯ ಲಾಭವಿಲ್ಲ.

ಶುಲ್ಕದ ಪಟ್ಟಿ: ಹಳೆಯ ಬಿಲ್ ಪಕ್ಕದಲ್ಲಿಟ್ಟು ಓದಿ

"ಮಿತಿ ಹೆಚ್ಚಳಕ್ಕೆ ಯಾವುದೇ ಶುಲ್ಕವಿಲ್ಲ" ಎಂದು ಪತ್ರದಲ್ಲಿ ಇರುತ್ತದೆ. ಅದು ಸಾಮಾನ್ಯವಾಗಿ ನಿಜ. ಆದರೆ ಅದು ಹೆಚ್ಚಳದ ಕೆಲಸಕ್ಕೆ ಶುಲ್ಕವಿಲ್ಲ ಎಂಬ ಮಾತು, ಬೇರೆ ಶುಲ್ಕ ಏರಿಲ್ಲ ಎಂಬ ಮಾತಲ್ಲ.

ಪತ್ರದಲ್ಲಿ ಹೊಸ ದರ ಮಾತ್ರ ಇರುತ್ತದೆ, ಹಳೆಯದು ಇರುವುದಿಲ್ಲ. ಹಾಗಾಗಿ ಏರಿಕೆ ಕಣ್ಣಿಗೆ ಬೀಳುವುದಿಲ್ಲ. ಹೋದ ತಿಂಗಳ ಬಿಲ್ ತೆಗೆಯಿರಿ. ಅದರ ಕೊನೆಯ ಪುಟಗಳಲ್ಲಿ ಹಳೆಯ ದರಗಳು ಇರುತ್ತವೆ, ಇಲ್ಲದಿದ್ದರೆ ಕಾರ್ಡಿನ ಜೊತೆ ಬಂದ 'ಅತಿ ಮುಖ್ಯ ಷರತ್ತುಗಳು' ಎಂಬ ಕಾಗದದಲ್ಲಿ ಸಿಗುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟು ಪೆನ್ನಿನಲ್ಲಿ ಗುರುತು ಹಾಕಿ. ಭಾವನ ಪತ್ರದಲ್ಲಿ ನಾವು ಹೀಗೆ ಮಾಡಿದಾಗ ಎರಡು ಬದಲಾವಣೆ ಸಿಕ್ಕವು.

ಮೊದಲನೆಯದು ಬಡ್ಡಿ. ತಿಂಗಳಿಗೆ 3.50% ಇದ್ದದ್ದು 3.75% ಆಗಿತ್ತು. "ಕಾಲು ಪರ್ಸೆಂಟ್ ಬಿಡು" ಎಂದರು ಭಾವ. ಆದರೆ ಇದು ತಿಂಗಳ ದರ. ಹನ್ನೆರಡರಿಂದ ಗುಣಿಸಿ. ವರ್ಷಕ್ಕೆ 42% ಇದ್ದದ್ದು 45% ಆಯಿತು. 40,000 ರೂಪಾಯಿ ಬಾಕಿ 30 ದಿನ ಉಳಿದರೆ ಹಳೆಯ ದರದಲ್ಲಿ ಬಡ್ಡಿ ಸುಮಾರು 1,381 ರೂಪಾಯಿ, ಹೊಸ ದರದಲ್ಲಿ 1,479. ಇದರ ಮೇಲೆ 18% ಜಿಎಸ್‌ಟಿ. ಎಲ್ಲ ಸೇರಿದರೆ ತಿಂಗಳಿಗೆ ಸುಮಾರು 116 ರೂಪಾಯಿ ಜಾಸ್ತಿ. ಪ್ರತಿ ತಿಂಗಳು ಪೂರ್ತಿ ಬಿಲ್ ಕಟ್ಟುವವರಿಗೆ ಈ ಏರಿಕೆಯಿಂದ ಏನೂ ಆಗುವುದಿಲ್ಲ. ಬಾಕಿ ಎಳೆಯುವವರಿಗೆ ಮಾತ್ರ ಹೊಡೆತ. ನೀವು ಯಾವ ಗುಂಪು ಎಂದು ನಿಮಗೇ ಗೊತ್ತಿರುತ್ತದೆ.

ಎರಡನೆಯದು ತಡಪಾವತಿ ಶುಲ್ಕ. ಇದನ್ನು ಬಾಕಿಯ ಮೊತ್ತಕ್ಕೆ ತಕ್ಕಂತೆ ಹಂತ ಹಂತವಾಗಿ ಹಾಕುತ್ತಾರೆ. ಭಾವನ ಹಳೆಯ ಪಟ್ಟಿಯಲ್ಲಿ ಕೊನೆಯ ಹಂತ '25,000 ಮೀರಿದರೆ 1,000 ರೂಪಾಯಿ'. ಹೊಸ ಪಟ್ಟಿಯಲ್ಲಿ ಅದರ ಮೇಲೆ ಇನ್ನೊಂದು ಹಂತ ಬಂದಿತ್ತು: '50,000 ಮೀರಿದರೆ 1,300 ರೂಪಾಯಿ'. ಸೂಕ್ಷ್ಮ ನೋಡಿ. ಒಂದು ಲಕ್ಷ ಮಿತಿಯಲ್ಲಿ ಅವರ ಬಾಕಿ ಐವತ್ತು ಸಾವಿರ ದಾಟುತ್ತಿದ್ದದ್ದು ಅಪರೂಪ. ಮಿತಿ ಎರಡು ಲಕ್ಷದ ನಲವತ್ತು ಸಾವಿರ ಆದರೆ ದಾಟುವುದು ಸುಲಭ. ಅಂದರೆ ಮಿತಿ ಮತ್ತು ಶುಲ್ಕ ಎರಡೂ ಒಟ್ಟಿಗೆ ಏರಿ ಒಂದಕ್ಕೊಂದು ಜೋಡಿಯಾಗಿದ್ದವು. ಪಟ್ಟಿಯನ್ನು ಓದುವಾಗ ನಿಮ್ಮ ಹಳೆಯ ಖರ್ಚಿಗೆ ಹೊಂದಿಸಿ ನೋಡಿದರೆ ಸಾಲದು, ಹೊಸ ಮಿತಿಯಲ್ಲಿ ನಿಮ್ಮ ಬಾಕಿ ಎಲ್ಲಿ ನಿಲ್ಲಬಹುದು ಎಂದು ಹೊಂದಿಸಿ ನೋಡಿ.

ತಡಪಾವತಿ ಶುಲ್ಕದ ಬಗ್ಗೆ ರಿಸರ್ವ್ ಬ್ಯಾಂಕಿನ ಎರಡು ನಿಯಮ ನೆನಪಿರಲಿ. ಕಟ್ಟಬೇಕಾದ ದಿನ ಕಳೆದು ಮೂರು ದಿನಕ್ಕಿಂತ ಜಾಸ್ತಿ ಆದರೆ ಮಾತ್ರ ಈ ಶುಲ್ಕ ಹಾಕಬಹುದು. ಹಾಗೆಯೇ, ಆ ದಿನದ ನಂತರ ನಿಜವಾಗಿ ಉಳಿದ ಬಾಕಿಯ ಮೇಲೆ ಹಾಕಬೇಕೇ ಹೊರತು ಇಡೀ ಬಿಲ್ಲಿನ ಮೊತ್ತದ ಮೇಲೆ ಅಲ್ಲ. 60,000 ಬಿಲ್ಲಿನಲ್ಲಿ ನೀವು ಸಮಯಕ್ಕೆ 45,000 ಕಟ್ಟಿದ್ದರೆ ಹಂತ ನೋಡಬೇಕಾದ್ದು 15,000ಕ್ಕೆ. ಹೊಸ ಪಟ್ಟಿಯಲ್ಲಿ 'ಒಟ್ಟು ಬಿಲ್ ಮೊತ್ತದ ಮೇಲೆ' ಎಂದೇನಾದರೂ ಬರೆದಿದ್ದರೆ ಪ್ರಶ್ನೆ ಕೇಳಿ.

ಒಪ್ಪಿಗೆಯ ಸಾಲುಗಳು: ಇಲ್ಲಿ ನಿಧಾನ

ಈ ಭಾಗಕ್ಕೆ ಹತ್ತು ನಿಮಿಷ ಕೊಡಿ. ಬೇರೆ ಏನು ಓದದಿದ್ದರೂ ಇದನ್ನು ಓದಿ.

ರಿಸರ್ವ್ ಬ್ಯಾಂಕ್ ಕಾರ್ಡುಗಳ ಬಗ್ಗೆ ಹೊರಡಿಸಿದ ನಿರ್ದೇಶನದಲ್ಲಿ ಮಾತು ಸ್ಪಷ್ಟ. ಬ್ಯಾಂಕು ತಾನಾಗಿಯೇ ಕಾರ್ಡನ್ನು ಮೇಲ್ದರ್ಜೆಗೆ ಏರಿಸುವಂತಿಲ್ಲ, ಮಿತಿ ಹೆಚ್ಚಿಸುವಂತಿಲ್ಲ. ಗ್ರಾಹಕರ ಸ್ಪಷ್ಟ ಒಪ್ಪಿಗೆ ಬೇಕು. ಮಿತಿ ಇಳಿಸುವಾಗ ಮಾತ್ರ ತಿಳಿಸಿದರೆ ಸಾಕು. 'ಸ್ಪಷ್ಟ' ಎಂದರೆ ನೀವು ಏನಾದರೂ ಮಾಡಿ ಹೂಂ ಎಂದಿರಬೇಕು. ಸುಮ್ಮನಿದ್ದದ್ದು ಒಪ್ಪಿಗೆ ಅಲ್ಲ.

ಈ ಅಳತೆಗೋಲು ಹಿಡಿದು ಭಾವನ ಪತ್ರದ ನಾಲ್ಕು ಸಾಲು ನೋಡೋಣ. ಪತ್ರ ಇಂಗ್ಲಿಷಿನಲ್ಲಿತ್ತು, ಅರ್ಥವನ್ನು ಇಲ್ಲಿ ಕೊಡುತ್ತಿದ್ದೇನೆ. ಅಂದಹಾಗೆ, ಷರತ್ತುಗಳು ಗ್ರಾಹಕರಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ, ಆದಷ್ಟು ಸ್ಥಳೀಯ ಭಾಷೆಯಲ್ಲೂ ಇರಲಿ ಎಂದು ಅದೇ ನಿರ್ದೇಶನ ಹೇಳುತ್ತದೆ. ಕನ್ನಡದಲ್ಲಿ ಕೊಡಿ ಎಂದು ಕೇಳುವುದಕ್ಕೆ ಸಂಕೋಚ ಬೇಡ.

"ಮಿತಿ ಹೆಚ್ಚಳಕ್ಕೆ ಒಪ್ಪಿಗೆ ಇದ್ದಲ್ಲಿ ಆ್ಯಪ್‌ನಲ್ಲಿ ಲಾಗಿನ್ ಆಗಿ ದೃಢೀಕರಿಸಿ." ಇದು ಸರಿಯಾದ ಸಾಲು. ಕೆಲಸ ನಿಮ್ಮ ಕೈಯಲ್ಲಿದೆ, ಏನೂ ಮಾಡದಿದ್ದರೆ ಏನೂ ಆಗುವುದಿಲ್ಲ. ಇದರ ಬದಲು "ಬೇಡವಾದರೆ ಏಳು ದಿನದೊಳಗೆ ತಿಳಿಸಿ" ಎಂದಿದ್ದರೆ ಅದು ತಲೆಕೆಳಗಾದ ಒಪ್ಪಿಗೆ. ನೀವು ಪತ್ರ ನೋಡದೇ ಇದ್ದರೂ ಒಪ್ಪಿದಂತೆ ಲೆಕ್ಕ. ಮಿತಿ ಹೆಚ್ಚಳಕ್ಕೆ ಇಂಥ ಸಾಲು ನಿಲ್ಲುವುದಿಲ್ಲ. ಆದರೂ ಬಂದರೆ ಸುಮ್ಮನಿರಬೇಡಿ, 'ಬೇಡ' ಎಂದು ಬರೆದು ಕಳಿಸಿ. ನಿಯಮ ನಿಮ್ಮ ಕಡೆ ಇದ್ದರೂ ಕೈಯಲ್ಲಿ ಕಾಗದ ಇದ್ದರೆ ಆಮೇಲಿನ ಜಗಳ ಚಿಕ್ಕದಾಗುತ್ತದೆ.

"ಒಪ್ಪಿಗೆ ನೀಡುವ ಮೂಲಕ ಪರಿಷ್ಕೃತ ಶುಲ್ಕ ಮತ್ತು ಷರತ್ತುಗಳನ್ನು ಓದಿ ಅಂಗೀಕರಿಸಿದ್ದೀರಿ." ಆಗ ಹೇಳಿದ ಗಂಟು ಇದೇ. ಮಿತಿಗೆ ಒತ್ತಿದ ಬಟನ್ ಶುಲ್ಕಕ್ಕೂ ಸಹಿ ಆಗುತ್ತದೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ನಾನು ಮಿತಿ ಬೇಡ ಎಂದರೆ ಹಳೆಯ ಶುಲ್ಕವೇ ಉಳಿಯುತ್ತದಾ? ಎರಡು ಉತ್ತರ ಸಾಧ್ಯ. ಹೊಸ ಶುಲ್ಕ ಎಲ್ಲ ಗ್ರಾಹಕರಿಗೂ ಬಂದಿದ್ದರೆ ಮಿತಿ ನಿರಾಕರಿಸಿದರೂ ಅದು ನಿಲ್ಲುವುದಿಲ್ಲ. ಹೊಸ ಮಿತಿ ಪಡೆದವರಿಗೆ ಮಾತ್ರ ಆಗಿದ್ದರೆ ನಿರಾಕರಿಸಿ ಹಳೆಯ ದರದಲ್ಲೇ ಇರಬಹುದು. ಪತ್ರ ಓದಿದರೆ ಇದು ಗೊತ್ತಾಗುವುದಿಲ್ಲ, ಕೇಳಲೇಬೇಕು. ಅದೂ ಫೋನಿನಲ್ಲಿ ಬೇಡ, ಇಮೇಲಿನಲ್ಲಿ ಕೇಳಿ.

"ಮಿತಿಯನ್ನು ಮೀರಿದ ವ್ಯವಹಾರಗಳಿಗೆ ಅವಕಾಶ ನೀಡಲು ಸಮ್ಮತಿಸುತ್ತೇನೆ." ಈ ಸಾಲು ಚೌಕದೊಳಗೆ ಇತ್ತು. ಚೌಕದಲ್ಲಿ ಆಗಲೇ ಟಿಕ್ ಬಿದ್ದಿತ್ತು! ಮಿತಿ ಹೆಚ್ಚಳಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಹೊಸ ಮಿತಿ 2,40,000 ಆದ ಮೇಲೂ ಅದನ್ನು ದಾಟಿ ಖರ್ಚು ಮಾಡಲು ಬಿಡಿ, ದಾಟಿದ್ದಕ್ಕೆ ಶುಲ್ಕ ಹಾಕಿ ಎಂದು ನೀವೇ ಹೇಳಿದ ಹಾಗೆ. ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಮಿತಿ ದಾಟಲು ಬಿಡಬಾರದು ಎಂಬುದು ನಿಯಮ. ಅದಕ್ಕೇ ಈ ಒಪ್ಪಿಗೆ ಕೇಳುತ್ತಾರೆ. ಟಿಕ್ ತೆಗೆದರೆ ಮಿತಿ ಮುಗಿದ ಕೂಡಲೇ ಕಾರ್ಡ್ ನಡೆಯುವುದಿಲ್ಲ, ಅಷ್ಟೇ. ಹೆಚ್ಚಿನವರಿಗೆ ಅದೇ ಒಳ್ಳೆಯದು. ಆಸ್ಪತ್ರೆಯಂಥ ತುರ್ತಿಗೆ ಇರಲಿ ಎಂದು ಬೇಕೆಂದೇ ಟಿಕ್ ಉಳಿಸಿಕೊಳ್ಳುವವರೂ ಇದ್ದಾರೆ. ಅದು ತಪ್ಪಲ್ಲ, ಗೊತ್ತಿದ್ದು ಉಳಿಸಿಕೊಂಡಿರಬೇಕು.

"ಜಾರಿ ದಿನಾಂಕದ ನಂತರ ಕಾರ್ಡ್ ಬಳಸಿದಲ್ಲಿ ಬದಲಾವಣೆಗಳನ್ನು ಒಪ್ಪಿದಂತೆ." ಮಿತಿಯ ವಿಷಯಕ್ಕೆ ಈ ಸಾಲು ಸಲ್ಲುವುದಿಲ್ಲ, ಕಾರ್ಡ್ ಉಜ್ಜಿದ್ದು ಮಿತಿ ಹೆಚ್ಚಳಕ್ಕೆ ಕೊಟ್ಟ ಸ್ಪಷ್ಟ ಒಪ್ಪಿಗೆ ಅಲ್ಲ. ಶುಲ್ಕದ ವಿಷಯಕ್ಕೆ ಮಾತ್ರ ಬ್ಯಾಂಕು ಇದನ್ನೇ ಹಿಡಿದು ವಾದಿಸುತ್ತದೆ. ಹಾಗಾಗಿ ಶುಲ್ಕಕ್ಕೆ ಆಕ್ಷೇಪ ಇದ್ದರೆ ಜಾರಿ ದಿನಕ್ಕಿಂತ ಮೊದಲೇ ಬರೆಯಿರಿ.

ಇವಲ್ಲದೆ ವಿಮೆ, ಸಾಲದ ಕೊಡುಗೆ, 'ಉನ್ನತ ದರ್ಜೆಯ ಕಾರ್ಡ್' ಎಂಬ ಸಾಲುಗಳೂ ನುಸುಳಿರಬಹುದು. ದರ್ಜೆ ಬದಲಾದರೆ ವಾರ್ಷಿಕ ಶುಲ್ಕವೂ ಬದಲಾಗಬಹುದು. ಕೇಳದೆ ಮೇಲ್ದರ್ಜೆಗೆ ಏರಿಸಿ ಶುಲ್ಕ ಹಾಕಿದರೆ ಬ್ಯಾಂಕು ಆ ಹಣ ಹಿಂತಿರುಗಿಸಬೇಕು, ಜೊತೆಗೆ ಅದರ ಎರಡು ಪಟ್ಟು ಹಣವನ್ನು ದಂಡವಾಗಿ ನಿಮಗೆ ಕೊಡಬೇಕು. ಆದರೆ ಟಿಕ್ ಹಾಕಿದ ಮೇಲೆ 'ಕೇಳಿರಲಿಲ್ಲ' ಎನ್ನಲು ಬರುವುದಿಲ್ಲ.

ಒತ್ತುವ ಮೊದಲು ಒಂದು ಚಿಕ್ಕ ಕೆಲಸ ಮಾಡಿ. ಒಪ್ಪಿಗೆಯ ಪರದೆಯ ಸ್ಕ್ರೀನ್‌ಶಾಟ್ ತೆಗೆದಿಡಿ. ಒತ್ತಿದ ಮೇಲೆ ಆ ಸಾಲುಗಳು ಮತ್ತೆ ಸಿಗುತ್ತವೆ ಎಂಬ ಖಾತ್ರಿ ಇಲ್ಲ.

ಜಾರಿ ದಿನಾಂಕ: ಒಂದಲ್ಲ, ಹಲವು

ಪತ್ರದಲ್ಲಿ ಕಾಣುವ ದಿನಾಂಕಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಭಾವನ ಚೀಟಿ ಹೀಗಿತ್ತು. ಪತ್ರದ ಮೇಲಿನ ದಿನಾಂಕ ಮೇ 6. ಕೈಗೆ ಬಂದದ್ದು ಮೇ 15. ಆಫರ್ ಒಪ್ಪಲು ಕೊನೆಯ ದಿನ ಮೇ 31. ಹೊಸ ಶುಲ್ಕ ಜಾರಿ ಜೂನ್ 2. ಇದರ ಜೊತೆಗೆ ಪತ್ರದಲ್ಲಿ ಇಲ್ಲದ, ಬಿಲ್ಲಿನಲ್ಲಿ ಇರುವ ಒಂದು ದಿನಾಂಕ: ಅವರ ಬಿಲ್ ತಯಾರಾಗುವುದು ಪ್ರತಿ ತಿಂಗಳ 18ಕ್ಕೆ. ಹೊಸ ಮಿತಿ ಯಾವತ್ತಿನಿಂದ ಎಂದು ಪತ್ರದಲ್ಲಿ ಬರೆದೇ ಇರಲಿಲ್ಲ. "ಒಪ್ಪಿಗೆಯ ನಂತರ" ಎಂದಷ್ಟೇ ಇತ್ತು.

ಈಗ ಎಣಿಸಿ. ಶುಲ್ಕ ಬದಲಾವಣೆಗೆ ಕನಿಷ್ಠ ಒಂದು ತಿಂಗಳ ಮುನ್ಸೂಚನೆ ಕೊಡಬೇಕು, ಅದೂ ಮುಂದಿನ ದಿನಗಳಿಗೆ ಮಾತ್ರ ಅನ್ವಯಿಸಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಮೇ 6ರಿಂದ ಜೂನ್ 2ಕ್ಕೆ 27 ದಿನ. ಪತ್ರದ ಮೇಲಿನ ದಿನಾಂಕ ಹಿಡಿದರೂ ತಿಂಗಳು ತುಂಬುವುದಿಲ್ಲ. ಕೈಗೆ ಬಂದ ದಿನದಿಂದ ಎಣಿಸಿದರೆ 18 ದಿನ. ಅಂಚೆಯಲ್ಲಿ ಬಂದಿದ್ದರೆ ಲಕೋಟೆ ಎಸೆಯಬೇಡಿ, ಅದರ ಮೇಲಿನ ಮುದ್ರೆಯೇ ಸಾಕ್ಷಿ. ಇಮೇಲ್ ಆದರೆ ಬಂದ ದಿನ ತಾನಾಗೇ ದಾಖಲಾಗಿರುತ್ತದೆ. ಹಾಗೆಯೇ, ಬ್ಯಾಂಕು ಮೊದಲೇ ಎಸ್ಎಂಎಸ್ ಅಥವಾ ಹಿಂದಿನ ಬಿಲ್ಲಿನ ಮೂಲಕ ತಿಳಿಸಿತ್ತಾ ಎಂದು ಹುಡುಕಿ. ತಿಳಿಸಿದ್ದರೆ ಎಣಿಕೆ ಅಲ್ಲಿಂದ ಶುರು, ನಿಮ್ಮ ದೂರು ನಿಲ್ಲುವುದಿಲ್ಲ. ಭಾವನ ಇನ್‌ಬಾಕ್ಸ್ ಪೂರ್ತಿ ಜಾಲಾಡಿದೆವು, ಏನೂ ಇರಲಿಲ್ಲ.

ಇನ್ನೊಂದು ತೊಡಕು ಬಿಲ್ಲಿನ ಸುತ್ತು. ಜೂನ್ 18ರ ಬಿಲ್ಲಿನಲ್ಲಿ ಮೇ 19ರಿಂದ ಜೂನ್ 18ರ ತನಕದ 31 ದಿನ ಇರುತ್ತದೆ. ಜೂನ್ 2 ಅದರ ನಡುವೆ ಬೀಳುತ್ತದೆ. 40,000 ಬಾಕಿ ಇದೆ, ನಡುವೆ ಪಾವತಿಯೂ ಖರೀದಿಯೂ ಇಲ್ಲ ಎಂದಿಟ್ಟುಕೊಳ್ಳಿ. ಪತ್ರದ ದಿನಾಂಕವನ್ನೇ ಒಪ್ಪಿದರೂ ಮೊದಲ 14 ದಿನಕ್ಕೆ ಹಳೆಯ ದರ, ಉಳಿದ 17 ದಿನಕ್ಕೆ ಹೊಸ ದರ ಬರಬೇಕು.

```
40000 × 42% × 14 / 365 = 644.38
40000 × 45% × 17 / 365 = 838.36
ಒಟ್ಟು                  = 1482.74

40000 × 45% × 31 / 365 = 1528.77
```

ಬಿಲ್ಲಿನಲ್ಲಿ 1,483ರ ಹತ್ತಿರ ಬಡ್ಡಿ ಇದ್ದರೆ ಸರಿ. 1,529 ಇದ್ದರೆ ಇಡೀ ಸುತ್ತಿಗೆ ಹೊಸ ದರ ಹಾಕಿದ್ದಾರೆ, ಅಂದರೆ ಹಿಂದಿನ ದಿನಗಳಿಗೂ ಅನ್ವಯಿಸಿದ್ದಾರೆ. ಜಿಎಸ್‌ಟಿ ಸೇರಿ ವ್ಯತ್ಯಾಸ ಬರೀ 54 ರೂಪಾಯಿ. ಮೊತ್ತ ಸಣ್ಣದು, ನಿಜ. ಆದರೆ ಲೆಕ್ಕ ಎಲ್ಲಿ ತಪ್ಪಿದೆ ಎಂದು ಬೆರಳಿಟ್ಟು ತೋರಿಸಲು ಇದು ಸಾಕು. "ಜಾಸ್ತಿ ಹಾಕಿದ್ದೀರಿ" ಎಂದು ಬರೆದರೆ ಸಿದ್ಧ ಉತ್ತರ ಬರುತ್ತದೆ. "14 ದಿನಕ್ಕೆ ತಪ್ಪು ದರ ಹಾಕಿದ್ದೀರಿ" ಎಂದರೆ ಯಾರಾದರೂ ತೆರೆದು ನೋಡಲೇಬೇಕು.

ಬ್ಯಾಂಕಿಗೆ ಏನು ಬರೆಯಬೇಕು

ಭಾವ ಕಳಿಸಿದ ಇಮೇಲ್ ಇಷ್ಟೇ:

"ನಿಮ್ಮ ಮೇ 6ರ ಪತ್ರ ನನಗೆ ಮೇ 15ರಂದು ತಲುಪಿದೆ. ಒಪ್ಪಿಗೆ ಕೊಡುವ ಮೊದಲು ಇವನ್ನು ಲಿಖಿತವಾಗಿ ತಿಳಿಸಿ. ಮಂಜೂರಾಗುವ ಒಟ್ಟು ಮಿತಿ ಮತ್ತು ನಗದು ಮಿತಿ ರೂಪಾಯಿಯಲ್ಲಿ ಎಷ್ಟು? ನಗದು ಮಿತಿಯನ್ನು ಈಗಿರುವ 20,000ಕ್ಕೇ ಉಳಿಸಬಹುದೇ? ಮಿತಿ ಹೆಚ್ಚಳ ನಿರಾಕರಿಸಿದರೆ ಹಳೆಯ ಶುಲ್ಕ ಮುಂದುವರಿಯುತ್ತದೆಯೇ? ಶುಲ್ಕ ಬದಲಾವಣೆಗೆ ಒಂದು ತಿಂಗಳ ಮುನ್ಸೂಚನೆ ಬೇಕಿದ್ದು, ಪತ್ರದಲ್ಲಿ 27 ದಿನ ಮಾತ್ರ ಇದೆ. ಜಾರಿ ದಿನಾಂಕ ಸರಿಪಡಿಸಿ. ಮಿತಿ ಮೀರಿದ ವ್ಯವಹಾರಕ್ಕೆ ನನ್ನ ಒಪ್ಪಿಗೆ ಇಲ್ಲ."

ಸಿಟ್ಟಿಲ್ಲ, ಬೈಗುಳವಿಲ್ಲ. ಕಳಿಸಿದ ಮೇಲೆ ದೂರಿನ ಸಂಖ್ಯೆ ಕೇಳಿ ಪಡೆಯಿರಿ. 30 ದಿನದೊಳಗೆ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, `cms.rbi.org.in` ತಾಣದಲ್ಲಿ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಹಾಕಬಹುದು. ಶುಲ್ಕವಿಲ್ಲ, ವಕೀಲರೂ ಬೇಡ.

ಹೊಸ ಶುಲ್ಕ ಒಪ್ಪಲು ಮನಸ್ಸೇ ಇಲ್ಲದಿದ್ದರೆ ಕಾರ್ಡ್ ಮುಚ್ಚಿಸಬಹುದು. ಶುಲ್ಕ ಏರಿದ ಕಾರಣಕ್ಕೆ ಕಾರ್ಡ್ ಬಿಡುವವರಿಂದ ಮುಚ್ಚುವ ಶುಲ್ಕ ತೆಗೆದುಕೊಳ್ಳುವಂತಿಲ್ಲ, ಬಾಕಿ ಮಾತ್ರ ತೀರಿಸಬೇಕು. ಬಾಕಿ ತೀರಿಸಿ ಮುಚ್ಚಲು ಕೇಳಿದ ಮೇಲೆ ಏಳು ಕೆಲಸದ ದಿನದಲ್ಲಿ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ನಿಮಗೆ ಕೊಡಬೇಕು.

ಮಿತಿ ಹೆಚ್ಚಳ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. 60,000 ಬಾಕಿ ಇರುವವರಿಗೆ ಒಂದು ಲಕ್ಷ ಮಿತಿಯಲ್ಲಿ ಬಳಕೆ 60% ಎಂದು ಕ್ರೆಡಿಟ್ ವರದಿಯಲ್ಲಿ ಕಾಣುತ್ತದೆ. ಮಿತಿ 2,40,000 ಆದರೆ ಅದೇ ಬಾಕಿ 25% ಆಗುತ್ತದೆ, ಸ್ಕೋರಿಗೆ ಅದು ಒಳ್ಳೆಯದು. ಖರ್ಚು ಏರದಿದ್ದರೆ ಮಾತ್ರ, ಅದೂ ನಿಜ. ಕೈ ಹಿಡಿತ ತಪ್ಪುವ ಭಯ ಇದ್ದವರು ಹೊಸ ಮಿತಿ ಒಪ್ಪಿಕೊಂಡು ಆ್ಯಪ್‌ನಲ್ಲಿ ಆನ್‌ಲೈನ್ ಖರೀದಿ, ವಿದೇಶಿ ವ್ಯವಹಾರ, ಎಟಿಎಂ ಇವಕ್ಕೆ ತಾವೇ ಕಡಿಮೆ ಗಡಿ ಹಾಕಿಕೊಳ್ಳಬಹುದು.

ಭಾವನಿಗೆ ಒಂಬತ್ತು ದಿನಕ್ಕೆ ಉತ್ತರ ಬಂತು. ಶುಲ್ಕ ಎಲ್ಲ ಗ್ರಾಹಕರಿಗೂ ಏರಿದೆ, ಮಿತಿ ಬೇಡ ಎಂದರೂ ನಿಲ್ಲುವುದಿಲ್ಲ ಎಂದರು. ಆದರೆ ಅವರ ಖಾತೆಗೆ ಹೊಸ ದರ ಜೂನ್ 19ರಿಂದ, ಅಂದರೆ ಮುಂದಿನ ಬಿಲ್ಲಿನ ಸುತ್ತಿನಿಂದ ಎಂದು ತಿದ್ದಿದರು. ನಗದು ಮಿತಿ 20,000ಕ್ಕೇ ನಿಂತಿತು. ಅದಾದ ಮೇಲೆ ಭಾವ ಟಿಕ್ ತೆಗೆದು ಬಟನ್ ಒತ್ತಿದರು. ಮಂಜೂರಾದ ಮಿತಿ 1,80,000. ಪತ್ರದ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿದ್ದ ಅಂಕಿ ಕೊನೆಗೂ ಬರಲಿಲ್ಲ.